ಹಿಮ್ಮಡಿ ಒಡೆದರೆ ಮೊದಲು ನೀರು, ಆಮೇಲೆ ಹೊದಿಕೆ: ಮೂರು ವಾರದ ಆರೈಕೆ ಕ್ರಮ



ಸಂಕ್ರಾಂತಿ ಹತ್ತಿರ ಬಂತು ಅಂದ್ರೆ ಎರೆ ಹೊಲದ ನಮಗೆ ಎರಡು ಕಡೆ ಬಿರುಕು ಕಾಣಿಸುತ್ತೆ. ಒಂದು ನೆಲದಲ್ಲಿ, ಇನ್ನೊಂದು ನಮ್ಮ ಹಿಮ್ಮಡಿಯಲ್ಲಿ. ನೆಲದ ಬಿರುಕು ಕಂಡ ಕೂಡಲೇ ಎಡೆ ಹೊಡೆದು ಮುಚ್ಚುತ್ತೇವೆ, ತೇವ ಆರಿ ಹೋಗಬಾರದು ಅಂತ. ಹಿಮ್ಮಡಿಯ ಬಿರುಕನ್ನ ಮಾತ್ರ "ಚಳಿಗಾಲದಾಗ ಇದ್ದದ್ದೇ ಬಿಡು" ಅಂತ ಬಿಟ್ಟುಬಿಡ್ತೇವೆ.

ನಾನೂ ಹಾಗೇ ಬಿಟ್ಟವನು. ಎರಡು ವರ್ಷದ ಹಿಂದಿನ ಮಾತು. ಕಡಲೆ ಹೊಲದಲ್ಲಿ ಕಾಯಿಕೊರಕ ಬಂದಿದೆಯಾ ನೋಡೋಕೆ ದಿನಾ ಬೆಳಿಗ್ಗೆ ಹವಾಯಿ ಚಪ್ಪಲಿಯಲ್ಲೇ ಸಾಲು ಸಾಲು ಓಡಾಡ್ತಿದ್ದೆ. ಎಡಗಾಲಿನ ಹಿಮ್ಮಡಿ ಅಂಚಲ್ಲಿ ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಬಿರುಕಿತ್ತು. ಕಡಲೆ ಎಲೆ ಮೇಲಿನ ಇಬ್ಬನಿ ಎಷ್ಟು ಹುಳಿ ಅನ್ನೋದು ಬೆಳೆದವರಿಗೆಲ್ಲ ಗೊತ್ತು. ಆ ಹುಳಿ ಬಿರುಕಿಗೆ ಇಳಿದಾಗ ಕಣ್ಣಲ್ಲಿ ನೀರು ಬಂತು. ಅವತ್ತು ರಾತ್ರಿ ಬಿಸಿ ನೀರಿಗೆ ಉಪ್ಪು ಹಾಕಿ ಅರ್ಧ ಗಂಟೆ ಕಾಲಿಟ್ಟು ಕೂತೆ. ಆಮೇಲೆ ಮೆತ್ತಗಾದ ಚರ್ಮವನ್ನ ಬ್ಲೇಡಿನಲ್ಲಿ ಕೆರೆದೆ. ರಕ್ತ ಬಂತು. ಅದರ ಮೇಲೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ ಮಲಗಿದೆ. ಬೆಳಿಗ್ಗೆ ಎದ್ದು ಅದೇ ಕಾಲಲ್ಲಿ ಜೀವಾಮೃತದ ಡ್ರಮ್ ಹತ್ತಿರ ಕೆಲಸ ಮಾಡಿದೆ.

ಮೂರನೇ ದಿನಕ್ಕೆ ಹಿಮ್ಮಡಿ ಕೆಂಪಾಗಿ, ಬಾವು ಕಾಲಿನ ಗಂಟಿನ ತನಕ ಏರಿತ್ತು. ಡಾಕ್ಟರ್ ಒಂದು ವಾರಕ್ಕೆ ಆಂಟಿಬಯೋಟಿಕ್ ಬರೆದು ಕೊಟ್ಟರು. ಐದು ದಿನ ಹೊಲಕ್ಕೆ ಕಾಲಿಡಲಿಲ್ಲ. ಅಷ್ಟರಲ್ಲಿ ಕಾಯಿಕೊರಕ ಅರ್ಧ ಎಕರೆ ಕಾಯಿಗೆ ತೂತು ಹಾಕಿತ್ತು. ಒಂದು ಗೆಣ್ಣಿನ ಬಿರುಕಿಗೆ ನಾನು ಕೊಟ್ಟ ಬೆಲೆ ಅದು.

ಬಾವು ಇಳಿದ ಮೇಲೆ ಡಾಕ್ಟರ್ ಹೇಳಿಕೊಟ್ಟ ಕ್ರಮವನ್ನ ಮೂರು ವಾರ ಪಾಲಿಸಿದೆ. ಅದು ನಮಗೆ ಗೊತ್ತಿರೋ ಲೆಕ್ಕವೇ: ಮೊದಲು ನೀರು, ಆಮೇಲೆ ಹೊದಿಕೆ. ಈ ವಾರ ಅದನ್ನೇ ಹಂತ ಹಂತವಾಗಿ ಬರೀತೀನಿ.

ಹಿಮ್ಮಡಿಯೇ ಯಾಕೆ ಒಡೆಯುತ್ತೆ?

ಮೈಯ ಬೇರೆ ಕಡೆ ಚರ್ಮದಲ್ಲಿ ಎಣ್ಣೆ ಸುರಿಸೋ ಗ್ರಂಥಿಗಳಿವೆ. ಅಂಗಾಲಿನಲ್ಲಿ ಅವು ಇಲ್ಲವೇ ಇಲ್ಲ, ಬೆವರಿನ ಗ್ರಂಥಿ ಮಾತ್ರ ಇವೆ. ಅಂದರೆ ಅಂಗಾಲಿನ ಚರ್ಮಕ್ಕೆ ತನ್ನ ತೇವ ಹಿಡಿದಿಟ್ಟುಕೊಳ್ಳೋಕೆ ಸ್ವಂತ ಎಣ್ಣೆ ಇಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಬೀಸೋ ಒಣಗಾಳಿ ಆ ತೇವವನ್ನ ಹೀರುತ್ತೆ. ಬೆವರೂ ಆಗ ಕಡಿಮೆ.

ಎರಡನೇದು ಭಾರ. ಹಿಮ್ಮಡಿ ಮೂಳೆಯ ಕೆಳಗೆ ಕೊಬ್ಬಿನ ಮೆತ್ತೆ ಇದೆ. ನಾವು ಹೆಜ್ಜೆ ಊರಿದಾಗಲೆಲ್ಲ ಆ ಮೆತ್ತೆ ಅಮುಕಿ ಪಕ್ಕಕ್ಕೆ ಹಿಗ್ಗುತ್ತೆ. ಚರ್ಮ ಮೆತ್ತಗಿದ್ದರೆ ಅದರ ಜೊತೆ ತಾನೂ ಹಿಗ್ಗುತ್ತೆ. ಒಣಗಿ ಜಡ್ಡುಗಟ್ಟಿದ್ದರೆ ಹಿಗ್ಗೋಕೆ ಆಗದೆ ಅಂಚಲ್ಲಿ ಸೀಳುತ್ತೆ. ಅದಕ್ಕೇ ಬಿರುಕು ಯಾವಾಗಲೂ ಹಿಮ್ಮಡಿಯ ನಡುವಿಗಿಂತ ಸುತ್ತಲಿನ ಅಂಚಿನಲ್ಲೇ ಜಾಸ್ತಿ.

ಚಪ್ಪಲಿ ಬರೋದು ಇಲ್ಲಿ. ಹಿಂದೆ ತೆರೆದಿರೋ ಚಪ್ಪಲಿಯಲ್ಲಿ ಹಿಮ್ಮಡಿಯನ್ನ ಸುತ್ತಲಿಂದ ಹಿಡಿದಿಡೋ ಗೋಡೆ ಇರೋದಿಲ್ಲ, ಮೆತ್ತೆ ಎಷ್ಟು ಬೇಕಾದರೂ ಪಕ್ಕಕ್ಕೆ ಹರಡುತ್ತೆ. ಒಣಗಾಳಿ, ಧೂಳು ನೇರವಾಗಿ ತಾಗುತ್ತೆ. ಮೇಲಾಗಿ ಪ್ರತಿ ಹೆಜ್ಜೆಗೂ ಚಪ್ಪಲಿ ಹಿಮ್ಮಡಿಗೆ ಬಡಿಯುತ್ತೆ. ಬಡಿತ, ಉಜ್ಜಾಟ ಹೆಚ್ಚಾದಷ್ಟೂ ರಕ್ಷಣೆಗೆ ಅಂತ ಮೈ ಇನ್ನೂ ದಪ್ಪ ಚರ್ಮ ಬೆಳೆಸುತ್ತೆ. ದಪ್ಪ ಆದಷ್ಟೂ ಬಿರುಸು, ಬಿರುಸಾದಷ್ಟೂ ಬಿರುಕು. ಹೀಗೆ ಸುತ್ತು ನಡೀತಾನೇ ಇರುತ್ತೆ.

ಇದರಿಂದ ಒಂದು ವಿಷಯ ಗೊತ್ತಾಗುತ್ತೆ. ತೇವ, ಜಡ್ಡು, ಚಪ್ಪಲಿ, ಈ ಮೂರನ್ನೂ ಒಟ್ಟಿಗೆ ನೋಡಿಕೊಂಡರೆ ಮಾತ್ರ ಬಿರುಕು ಮುಚ್ಚುತ್ತೆ. ಬರೀ ಕ್ರೀಮ್ ಹಚ್ಚಿ ಅದೇ ಚಪ್ಪಲಿ ಹಾಕಿದರೆ ಮತ್ತೆ ಅದೇ ಜಾಗದಲ್ಲಿ ಸೀಳುತ್ತೆ.

ಬರೀ ಎಣ್ಣೆ ಯಾಕೆ ಸಾಲದು?

ಒಣಗಿದ ಮಣ್ಣಿನ ಮೇಲೆ ಒಣ ಹುಲ್ಲು ಹೊದಿಸಿದರೆ ಏನಾಗುತ್ತೆ? ಒಣ ಮಣ್ಣು ಒಣಗೇ ಉಳಿಯುತ್ತೆ. ಹೊದಿಕೆ ಇರೋ ತೇವವನ್ನ ಕಾಯುತ್ತೆ, ಹೊಸದಾಗಿ ನೀರು ತರೋದಿಲ್ಲ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಬೆಣ್ಣೆ, ಪೆಟ್ರೋಲಿಯಂ ಜೆಲ್ಲಿ ಎಲ್ಲವೂ ಹೊದಿಕೆಗಳೇ. ಒಣಗಿದ ಹಿಮ್ಮಡಿಗೆ ನೇರವಾಗಿ ಸವರಿದರೆ ಮೇಲೆ ಮಿಂಚುತ್ತೆ, ಒಳಗೆ ಒಣಗಿದ್ದೇ.

ಆದ್ದರಿಂದ ಮೊದಲು ಚರ್ಮ ನೀರು ಕುಡೀಬೇಕು. ಅದು ನೀರಾವರಿ. ಆಮೇಲೆ ಆ ನೀರನ್ನ ಹಿಡಿದಿಡೋ ಪದಾರ್ಥ ಬೇಕು. ಹೊಲದಲ್ಲಿ ಕಾಂಪೋಸ್ಟ್ ಮಾಡೋ ಕೆಲಸ ಅದು. ಚರ್ಮದಲ್ಲಿ ಅದನ್ನ ಯೂರಿಯಾ ಇರೋ ಕ್ರೀಮ್ ಮಾಡುತ್ತೆ. ಕೊನೆಗೆ ಹೊದಿಕೆ.

ಸಾವಯವ ಕೃಷಿಕ ಯೂರಿಯಾ ಹಚ್ಚಿಕೊಳ್ಳಿ ಅಂತಿದ್ದಾನಲ್ಲ ಅಂತ ನಗಬೇಡಿ. ನಮ್ಮ ಚರ್ಮದಲ್ಲೇ ಸಹಜವಾಗಿ ಯೂರಿಯಾ ಸ್ವಲ್ಪ ಇರುತ್ತೆ, ನೀರನ್ನ ಹಿಡಿದಿಡೋದರಲ್ಲಿ ಅದರ ಪಾಲೂ ಇದೆ. ಮೆಡಿಕಲ್ ಅಂಗಡಿಯಲ್ಲಿ ಯೂರಿಯಾ ಕ್ರೀಮ್ ಅಂತ ಕೇಳಿದರೆ ಸಿಗುತ್ತೆ. ಶೇ. 10ರದ್ದು ಮುಖ್ಯವಾಗಿ ತೇವ ಹಿಡಿಯುತ್ತೆ, ಶೇ. 20ರಿಂದ 25ರದ್ದು ಜಡ್ಡನ್ನೂ ಮೆತ್ತಗೆ ಮಾಡುತ್ತೆ. ಟ್ಯೂಬಿನ ಮೇಲೆ ಪ್ರಮಾಣ ಬರೆದಿರುತ್ತೆ, ನೋಡಿ ತಗೊಳ್ಳಿ.

ಗೊಬ್ಬರದ ಚೀಲದ ಯೂರಿಯಾವನ್ನ ಮಾತ್ರ ನೀರಲ್ಲಿ ಕರಗಿಸಿ ಹಚ್ಚಬೇಡಿ. ಅದಕ್ಕೆ ಬೇವಿನ ಎಣ್ಣೆಯ ಲೇಪ ಇದೆ, ಬೈಯುರೆಟ್ ಅನ್ನೋ ಕಲ್ಮಶ ಇರುತ್ತೆ, ಎಷ್ಟು ಗಾಢವಾಗಿ ಕಲಸಿದ್ದೀರಿ ಅನ್ನೋ ಲೆಕ್ಕ ಇರೋದಿಲ್ಲ. ಅದು ಬೆಳೆಗೆ ಮಾಡಿದ್ದು, ಗಾಯಕ್ಕಲ್ಲ.

ಶುರು ಮಾಡೋ ಮುಂಚೆ: ಯಾವ ಬಿರುಕು ಅಂತ ನೋಡಿ

ನಮ್ಮ ಹಿಮ್ಮಡಿ ನಮಗೇ ಸರಿಯಾಗಿ ಕಾಣಲ್ಲ. ಕಾಲು ತೊಳೆದು ಒರೆಸಿ, ಹಗಲು ಬೆಳಕಲ್ಲಿ ಮೊಬೈಲ್‌ನಲ್ಲಿ ಎರಡೂ ಹಿಮ್ಮಡಿಯ ಫೋಟೋ ತೆಗೀರಿ. ಹಿಂದಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು. ಪ್ರತಿ ಭಾನುವಾರ ಅದೇ ಜಾಗದಲ್ಲಿ ನಿಂತು ತೆಗೆದರೆ ವಾಸಿ ಆಗ್ತಿದೆಯಾ ಇಲ್ಲವಾ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಫೋಟೋ ದೊಡ್ಡದು ಮಾಡಿ ನೋಡಿದಾಗ ಮೂರರಲ್ಲಿ ಒಂದು ಕಾಣುತ್ತೆ.

ಮೊದಲನೇದು, ಬಿಳಿಚಿದ ಇಲ್ಲವೇ ಹಳದಿ ಮಿಶ್ರಿತ ಗಟ್ಟಿ ಚರ್ಮ, ಅದರಲ್ಲಿ ಸಣ್ಣ ಗೆರೆಗಳು. ನೋವಿಲ್ಲ, ರಕ್ತ ಇಲ್ಲ. ಇದಕ್ಕೆ ನೇರವಾಗಿ ಎರಡನೇ ಹಂತದಿಂದ ಶುರು ಮಾಡಿ.

ಎರಡನೇದು, ಬಿರುಕಿನ ತಳ ಕೆಂಪಗೆ ಕಾಣುತ್ತೆ, ಹೆಜ್ಜೆ ಊರಿದರೆ ಚುಚ್ಚಿದ ಹಾಗೆ ನೋವು, ಆಗಾಗ ರಕ್ತ. ಇದು ಗಾಯ. ಮೊದಲ ಹಂತದಿಂದ ಶುರು ಮಾಡಬೇಕು.

ಮೂರನೇದು, ಸುತ್ತಲೂ ಕೆಂಪು ಹರಡುತ್ತಿದೆ, ಮುಟ್ಟಿದರೆ ಬಿಸಿ, ಬಾವು, ಕೀವು, ವಾಸನೆ, ಜ್ವರ ಅಥವಾ ತೊಡೆಸಂದಿಯಲ್ಲಿ ನೋಯುವ ಗಂಟು. ಇವುಗಳಲ್ಲಿ ಒಂದಿದ್ದರೂ ಈ ಲೇಖನ ಇಲ್ಲಿಗೇ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ನಾನು ತಡ ಮಾಡಿದ್ದು ಇಲ್ಲೇ.

ಇನ್ನೊಂದು ಮಾತು. ಕೆಲವರದ್ದು ನೋಡೋಕೆ ಒಣ ಬಿರುಕಿನ ಹಾಗೇ ಇರುತ್ತೆ, ಆದರೆ ಅದು ಫಂಗಸ್. ಅಂಗಾಲಿಡೀ ಹಿಟ್ಟು ಉದುರಿದ ಹಾಗೆ ಹೊಟ್ಟೇಳೋದು, ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ ತುರಿಸೋದು, ಉಗುರು ದಪ್ಪಗಾಗಿ ಹಳದಿ ಆಗೋದು, ಒಂದೇ ಕಾಲಲ್ಲಿ ಜಾಸ್ತಿ ಇರೋದು ಅದರ ಗುರುತು. ಫಂಗಸ್‌ಗೆ ಎಷ್ಟು ಜೆಲ್ಲಿ ಹಚ್ಚಿದರೂ ವಾಸಿ ಆಗಲ್ಲ, ಅದಕ್ಕೆ ಬೇರೆಯೇ ಔಷಧ. ಅಂಗಡಿಯವರು ತುರಿಕೆಗೆ ಅಂತ ಕೊಡೋ ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚಿದರೆ ಎರಡು ದಿನ ತಣ್ಣಗಾಗಿ ಆಮೇಲೆ ಇನ್ನೂ ಹರಡುತ್ತೆ. ಅನುಮಾನ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಮೊದಲ ಹಂತ: ರಕ್ತ ಬರೋ ಬಿರುಕನ್ನ ಮುಚ್ಚಿಸೋದು (ಮೊದಲ 4–5 ದಿನ)

ಈ ದಿನಗಳಲ್ಲಿ ಕಲ್ಲು, ಬ್ಲೇಡ್, ಯೂರಿಯಾ ಕ್ರೀಮ್ ಯಾವುದೂ ಬೇಡ. ತೆರೆದ ಗಾಯಕ್ಕೆ ಯೂರಿಯಾ ಕ್ರೀಮ್ ತಾಗಿದರೆ ಕಡಲೆ ಹುಳಿಯಷ್ಟೇ ಉರಿಯುತ್ತೆ.

ಸಂಜೆ ಹೊಲದಿಂದ ಬಂದ ಮೇಲೆ ಶುದ್ಧ ನೀರು, ಸಾಧಾರಣ ಮೈಸೋಪಿನಿಂದ ಬಿರುಕನ್ನ ತೊಳೀರಿ. ಒಳಗೆ ಮಣ್ಣು ಕೂತಿದ್ದರೆ ನೀರು ಹರಿಸಿ ತೆಗೀಬೇಕು, ಸೂಜಿ ಹಾಕಿ ಕೆದಕಬಾರದು. ಒಗೆದ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಬಿರುಕಿನ ಒಳಗೆ ಇಳಿಯುವ ಹಾಗೆ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ತುಂಬಿ. ಮೇಲೆ ಸಣ್ಣ ಗಾಜ್ ತುಂಡಿಟ್ಟು ಪೇಪರ್ ಟೇಪ್ ಅಂಟಿಸಿ.

ಟೇಪ್ ಅಂಟಿಸೋದರಲ್ಲಿ ಒಂದು ಉಪಾಯ ಇದೆ. ಬಿರುಕಿನ ಉದ್ದಕ್ಕೆ ಅಂಟಿಸಬೇಡಿ, ಅಡ್ಡಕ್ಕೆ ಅಂಟಿಸಿ. ಹಿಮ್ಮಡಿಯ ಎರಡೂ ಬದಿಯನ್ನ ಬೆರಳಿನಿಂದ ಮೆಲ್ಲಗೆ ಹತ್ತಿರ ತಂದು, ಆಗ ಟೇಪ್ ಎಳೆದು ಅಂಟಿಸಿದರೆ ಬಿರುಕಿನ ಎರಡು ದಡ ಕೂಡಿ ನಿಲ್ಲುತ್ತವೆ. ಟೇಪ್ ಹಿಡಿಯಬೇಕು ಅಂದ್ರೆ ಸುತ್ತಲಿನ ಚರ್ಮಕ್ಕೆ ಜೆಲ್ಲಿ ತಾಗಿರಬಾರದು. ನನಗೆ ನೋವು ಅರ್ಧಕ್ಕರ್ಧ ಇಳಿದದ್ದು ಈ ಟೇಪ್ ಹಾಕಿದ ಮಾರನೇ ದಿನ. ದಿನಕ್ಕೊಮ್ಮೆ ಬಿಚ್ಚಿ, ತೊಳೆದು ಹೊಸದಾಗಿ ಕಟ್ಟಿ. ಒದ್ದೆಯಾದರೆ ಅಥವಾ ಮಣ್ಣಾದರೆ ಆಗಲೇ ಬದಲಿಸಿ.

ಗಾಯ ಮುಚ್ಚುವ ತನಕ ಸಗಣಿ, ಗಂಜಲ, ಜೀವಾಮೃತ, ಕೆಸರು ಇವುಗಳ ಹತ್ತಿರ ಬರೀ ಚಪ್ಪಲಿಯಲ್ಲಿ ಹೋಗಬೇಡಿ. ಧನುರ್ವಾಯು ತರೋ ರೋಗಾಣು ಇರೋದೇ ಮಣ್ಣು, ಸಗಣಿಯಲ್ಲಿ. ಕೊನೇ ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ನೆನಪು ಮಾಡಿಕೊಳ್ಳಿ. ಮಣ್ಣು, ಸಗಣಿ ತಾಗಿದ ಗಾಯಕ್ಕೆ, ಹಿಂದಿನ ಇಂಜೆಕ್ಷನ್ ಆಗಿ 5 ವರ್ಷ ದಾಟಿದ್ದರೆ ಮತ್ತೆ ಹಾಕಿಸಿಕೊಳ್ಳಬೇಕು. ನೆನಪೇ ಇಲ್ಲ ಅಂದ್ರೂ ಹೋಗಿ ಕೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಹಾಕ್ತಾರೆ.

ತಳದ ಕೆಂಪು ಹೋಗಿ, ಹೆಜ್ಜೆ ಊರಿದರೆ ಚುಚ್ಚೋದು ನಿಂತರೆ ಎರಡನೇ ಹಂತಕ್ಕೆ ಹೋಗಬಹುದು. ನನಗೆ ಅದು ಐದನೇ ದಿನ ಆಯ್ತು.

ಎರಡನೇ ಹಂತ: ರಾತ್ರಿಯ ಆರೈಕೆ (ಮುಂದಿನ ಎರಡು ವಾರ)

ಒಟ್ಟು ಇಪ್ಪತ್ತು ನಿಮಿಷದ ಕೆಲಸ. ಊಟ ಮುಗಿಸಿ, ಮಲಗೋ ಮುಂಚೆ ಮಾಡಿದರೆ ಒಳ್ಳೇದು. ಆಮೇಲೆ ಓಡಾಟ ಇರಲ್ಲ.

1. ನೆನೆಸೋದು. ಬಕೆಟ್ ಅಥವಾ ಟಬ್ಬಿನಲ್ಲಿ ಹಿಮ್ಮಡಿ ಮುಳುಗೋಷ್ಟು ಉಗುರುಬೆಚ್ಚಗಿನ ನೀರು ಹಾಕಿ. ಮೊಣಕೈ ಅದ್ದಿ ನೋಡಿ, ಹಿತವಾಗಿದ್ದರೆ ಸರಿ, ಸುಡೋ ಹಾಗಿರಬಾರದು. ಉಪ್ಪು, ನಿಂಬೆ, ಶಾಂಪೂ ಏನೂ ಬೇಡ. 10 ನಿಮಿಷ ಸಾಕು. ತುಂಬಾ ಬಿಸಿ ನೀರಲ್ಲಿ ತುಂಬಾ ಹೊತ್ತು ಇಟ್ಟರೆ ಚರ್ಮದಲ್ಲಿರೋ ತೇವ ಹಿಡಿಯುವ ಅಂಶವೂ ತೊಳೆದು ಹೋಗಿ, ಆರಿದ ಮೇಲೆ ಮೊದಲಿಗಿಂತ ಬಿರುಸಾಗುತ್ತೆ. ನಾನು ಅರ್ಧ ಗಂಟೆ ಕೂತು ಮಾಡಿಕೊಂಡದ್ದು ಅದನ್ನೇ.

2. ಉಜ್ಜೋದು. ಇದು ದಿನಾ ಬೇಡ, ವಾರಕ್ಕೆ ಎರಡು ಸಲ ಸಾಕು. ಕಾಲು ಉಜ್ಜೋ ಕಲ್ಲನ್ನೂ ಒದ್ದೆ ಮಾಡಿ, ಒಂದೇ ದಿಕ್ಕಿಗೆ ಹಗುರಾಗಿ ಉಜ್ಜಿ. ಒಂದು ಹಿಮ್ಮಡಿಗೆ ಒಂದು ನಿಮಿಷ. ಒಂದೇ ದಿನ ಎಲ್ಲ ಜಡ್ಡೂ ತೆಗೀಬೇಕು ಅನ್ನೋ ಹಟ ಬೇಡ, ಪ್ರತಿ ಸಲ ತೆಳುವಾದ ಒಂದು ಪದರ ಹೋದರೆ ಸಾಕು. ಚರ್ಮ ಗುಲಾಬಿ ಬಣ್ಣಕ್ಕೆ ಬಂತು ಅಥವಾ ಉರಿ ಅನಿಸಿತು ಅಂದ್ರೆ ಆಗಲೇ ನಿಲ್ಲಿಸಿ. ಅತಿಯಾಗಿ ಉಜ್ಜಿದರೆ ಮೈ ಅದನ್ನ ಪೆಟ್ಟು ಅಂತ ತಿಳಿದು ಇನ್ನೂ ದಪ್ಪ ಚರ್ಮ ಬೆಳೆಸುತ್ತೆ. ಬಿರುಕಿನ ಒಳಗೆ ಕಲ್ಲು ಹೋಗಬಾರದು, ಅದರ ಎರಡೂ ದಡವನ್ನ ಮಾತ್ರ ತೆಳು ಮಾಡಬೇಕು. ಕಲ್ಲನ್ನ ತೊಳೆದು ಬಿಸಿಲಲ್ಲಿ ಒಣಗಿಸಿ, ಮನೆಮಂದಿಯೆಲ್ಲ ಒಂದೇ ಕಲ್ಲು ಬಳಸಬೇಡಿ.

3. ಒರೆಸೋದು. ಬೆರಳ ಸಂದಿಯನ್ನ ಪೂರ್ತಿ ಒಣಗಿಸಿ. ಹಿಮ್ಮಡಿಯನ್ನ ಮಾತ್ರ ಒತ್ತಿ ಒರೆಸಿ ಸ್ವಲ್ಪ ಹಸಿ ಇರೋ ಹಾಗೇ ಬಿಡಿ. ಮುಂದಿನ ಹಂತ ಎರಡು ಮೂರು ನಿಮಿಷದೊಳಗೆ ಆಗಬೇಕು. ನೀರು ಹಾಯಿಸಿ ಒಣಗಿದ ಮೇಲೆ ಹೊದಿಕೆ ಹಾಕಿದರೆ ಏನು ಬಂತು?

4. ಯೂರಿಯಾ ಕ್ರೀಮ್. ಒಂದು ಹಿಮ್ಮಡಿಗೆ ಎರಡು ಕಡಲೆಕಾಳಿನಷ್ಟು ತಗೊಂಡು, ಅಂಚಿನ ಸುತ್ತ ಮೆಲ್ಲಗೆ ತಿಕ್ಕಿ. ಬೆರಳ ಸಂದಿಗೆ ಹಚ್ಚಬೇಡಿ, ಅಲ್ಲಿ ಹಸಿ ನಿಂತರೆ ಫಂಗಸ್‌ಗೆ ದಾರಿ. ಐದು ನಿಮಿಷ ಬಿಡಿ.

5. ಹೊದಿಕೆ. ಅದರ ಮೇಲೆ ಪೆಟ್ರೋಲಿಯಂ ಜೆಲ್ಲಿಯನ್ನ ತೆಳುವಾಗಿ ಸವರಿ. ಜೆಲ್ಲಿ ಇಲ್ಲದಿದ್ದರೆ ಹರಳೆಣ್ಣೆ, ಕೊಬ್ಬರಿ ಎಣ್ಣೆ ಆಗುತ್ತೆ, ಆದರೆ ಜೆಲ್ಲಿಯಷ್ಟು ಗಟ್ಟಿಯಾಗಿ ತೇವ ಹಿಡಿಯಲ್ಲ. ಆಮೇಲೆ ಒಗೆದ ಹತ್ತಿ ಕಾಲುಚೀಲ ಹಾಕಿ ಮಲಗಿ. ಕಾಲುಚೀಲ ಇಲ್ಲದೆ ಜಿಡ್ಡಿನ ಕಾಲಲ್ಲಿ ಎದ್ದು ಟೈಲ್ಸ್ ಇಲ್ಲವೇ ಗಾರೆ ನೆಲದ ಮೇಲೆ ನಡೆದರೆ ಜಾರಿ ಬೀಳೋದು ಖಂಡಿತ. ಕಾಲುಚೀಲ ಹಾಕಿದ್ದರೂ ನುಣುಪು ನೆಲದಲ್ಲಿ ಹುಷಾರು.

ಮನೆಯಲ್ಲಿ ಜೇನುಮೇಣ ಇದ್ದರೆ ಕೊಬ್ಬರಿ ಎಣ್ಣೆ ಜೊತೆ ಕರಗಿಸಿ ಮುಲಾಮು ಮಾಡಿಟ್ಟುಕೊಳ್ಳಬಹುದು, ಐದನೇ ಹಂತಕ್ಕೆ ಒಳ್ಳೇ ಹೊದಿಕೆ. ನಾನು ಒಂದು ಭಾಗ ಮೇಣಕ್ಕೆ ನಾಲ್ಕು ಭಾಗ ಎಣ್ಣೆ ಹಾಕ್ತೀನಿ. ಪೂರ್ತಿ ತಣ್ಣಗಾದ ಮೇಲೆ ಬಳಸಬೇಕು. ಕರಗಿದ ಬಿಸಿ ಮೇಣವನ್ನ ಬಿರುಕಿಗೆ ಹನಿಸೋ ಪದ್ಧತಿ ಕೆಲವು ಕಡೆ ಇದೆ, ಅದು ಸುಟ್ಟ ಗಾಯ ಮಾಡುತ್ತೆ. ಅಂಟು ಹಾಕಿ ಬಿರುಕು ಕೂಡಿಸೋದೂ ಬೇಡ, ಒಳಗಿನ ಮಣ್ಣು, ರೋಗಾಣು ಸೇರಿ ಮುಚ್ಚಿ ಹೋಗುತ್ತೆ.

ಮೂರನೇ ಹಂತ: ಹಗಲಲ್ಲಿ ಕಾಲಿಗೆ ಏನು ಹಾಕಬೇಕು

ರಾತ್ರಿ ಗಳಿಸಿದ್ದನ್ನ ಹಗಲು ಕಳೆಯಬಾರದು. ಬೆಳಿಗ್ಗೆ ಸ್ನಾನ ಆದ ಕೂಡಲೇ ಹಿಮ್ಮಡಿಗೆ ಜೆಲ್ಲಿ ತೆಳುವಾಗಿ ಸವರಿ, ಹತ್ತಿ ಕಾಲುಚೀಲ, ಹಿಂದೆ ಮುಚ್ಚಿರೋ ಬೂಟು ಹಾಕಿ. ಕ್ಯಾನ್ವಾಸ್ ಬೂಟು ಸಾಕು. ಬೆಲೆಗಿಂತ ಹಿಮ್ಮಡಿಯ ಹಿಂದೆ, ಪಕ್ಕ ಗೋಡೆ ಇರೋದು ಮುಖ್ಯ. ಜೆಲ್ಲಿ ಹಚ್ಚಿದ ಕಾಲನ್ನ ಬರೀ ಚಪ್ಪಲಿಗೆ ಹಾಕಿದರೆ ಧೂಳು ಅಂಟಿ ಕೆಸರಾಗುತ್ತೆ.

ಬೂಟು ಆಗೋದೇ ಇಲ್ಲ, ಚಪ್ಪಲಿನೇ ಬೇಕು ಅನ್ನೋರು ಮೂರು ವಿಷಯ ನೋಡಿ. ಹಿಂದೆ ಪಟ್ಟಿ ಇರಬೇಕು, ಆಗ ಚಪ್ಪಲಿ ಹಿಮ್ಮಡಿಗೆ ಬಡಿಯೋದು ನಿಲ್ಲುತ್ತೆ. ಹಿಮ್ಮಡಿ ಚಪ್ಪಲಿಯ ಒಳಗೇ ಕೂರಬೇಕು. ಅಂಚಿನಾಚೆ ಜೋತು ಬಿದ್ದರೆ, ಆ ಅಂಚು ಒತ್ತೋ ಜಾಗದಲ್ಲೇ ಬಿರುಕು ಬೀಳುತ್ತೆ. ಇನ್ನು ಅಟ್ಟೆ. ಹಿಮ್ಮಡಿ ಜಾಗದಲ್ಲಿ ಸವೆದು ತೆಳುವಾಗಿದ್ದರೆ ಬದಲಿಸಿ. ನಿಮ್ಮ ಹಳೇ ಚಪ್ಪಲಿ ತಿರುಗಿಸಿ ನೋಡಿ, ಯಾವ ಬದಿ ಜಾಸ್ತಿ ಸವೆದಿದೆಯೋ ಸಾಮಾನ್ಯವಾಗಿ ಆ ಬದಿಯಲ್ಲೇ ಜಡ್ಡು ಕೂಡ ಜಾಸ್ತಿ ಇರುತ್ತೆ.

ಬೂಟಿನ ಒಳಗೆ ಬೆವರಿ ಕಾಲುಚೀಲ ಒದ್ದೆ ಆದರೆ ಮಧ್ಯಾಹ್ನ ಬದಲಿಸಿ. ನೀರು ಹಾಯಿಸೋವಾಗ ಗಂಬೂಟು ಹಾಕಿದವರು ಕೆಲಸ ಮುಗಿದ ಮೇಲೆ ತೆಗೆದು ಕಾಲು ಒಣಗಿಸಿ. ತಾಸುಗಟ್ಟಲೆ ನೆನೆದ ಚರ್ಮವೂ ಸುಲಭವಾಗಿ ಸೀಳುತ್ತೆ, ಫಂಗಸ್ ಹಿಡಿಯುತ್ತೆ.

ಎಷ್ಟು ದಿನಕ್ಕೆ ಏನು ಕಾಣಬೇಕು?

ನನ್ನ ಫೋಟೋಗಳನ್ನೇ ಹೇಳ್ತೀನಿ. ಬಾವು ಇಳಿದ ಮೇಲಿನ ಲೆಕ್ಕ ಇದು. ಮೊದಲ ಭಾನುವಾರ ಬಿರುಕಿನ ತಳ ಕೂಡಿತ್ತು, ಆದರೆ ಎರಡೂ ದಡ ದಪ್ಪಗೇ ನಿಂತಿದ್ದವು. ಎರಡನೇ ಭಾನುವಾರ ದಡ ತಗ್ಗಿ, ಬಿರುಕು ಬರೀ ಗೆರೆಯಾಗಿತ್ತು. ಮೂರನೇ ಭಾನುವಾರ ಬೆರಳಾಡಿಸಿದರೆ ಗೊತ್ತಾಗುತ್ತಿತ್ತು, ಕಣ್ಣಿಗೆ ಕಾಣ್ತಿರಲಿಲ್ಲ.

ಎರಡು ವಾರ ತಪ್ಪದೆ ಮಾಡಿದರೂ ಫೋಟೋದಲ್ಲಿ ಏನೂ ವ್ಯತ್ಯಾಸ ಇಲ್ಲ ಅಂದ್ರೆ ಅದು ಬರೀ ಒಣ ಬಿರುಕಲ್ಲ. ಫಂಗಸ್, ಸೋರಿಯಾಸಿಸ್, ಚಪ್ಪಲಿಯ ರಬ್ಬರ್‌ಗೆ ಅಲರ್ಜಿ, ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆ, ಯಾವುದಾದರೂ ಇರಬಹುದು. ಕ್ರೀಮ್ ಬದಲಿಸ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಆ ಫೋಟೋಗಳನ್ನೂ ತೋರಿಸಿ.

ವಾಸಿ ಆಯ್ತು ಅಂತ ನಿಲ್ಲಿಸೋ ಹಾಗೂ ಇಲ್ಲ. ನಾನು ಮೊದಲ ವರ್ಷ ನಿಲ್ಲಿಸಿದೆ, ಫೆಬ್ರವರಿ ಕೊನೆಗೆ ಮತ್ತೆ ಗೆರೆ ಕಾಣಿಸಿತು. ಈಗ ದಿನಾ ಸ್ನಾನದ ನಂತರ ಜೆಲ್ಲಿ, ವಾರಕ್ಕೆ ಎರಡು ಮೂರು ರಾತ್ರಿ ಯೂರಿಯಾ ಕ್ರೀಮ್. ದೀಪಾವಳಿ ಕಳೆದ ಮೇಲೆ ಶುರು ಮಾಡಿ ಮುಂಗಾರು ಮಳೆ ಹಿಡಿಯುವ ತನಕ.

ಮನೆಯ ಹಿರಿಯರ ಹಿಮ್ಮಡಿಯನ್ನ ನೀವೇ ನೋಡಿ

ನಮ್ಮ ದೊಡ್ಡಪ್ಪನಿಗೆ ಹದಿನೈದು ವರ್ಷದಿಂದ ಶುಗರ್. ನಾನು ಈ ಆರೈಕೆ ಶುರು ಮಾಡಿದಾಗ "ದೊಡ್ಡಪ್ಪ, ನಿಮ್ಮ ಕಾಲೂ ತೋರ್ಸ್ರಿ" ಅಂದೆ. "ನಂಗೇನೂ ನೋವಿಲ್ಲೋ ತಮ್ಮಾ" ಅಂದ್ರು. ಫೋಟೋ ತೆಗೆದರೆ, ಬಲ ಹಿಮ್ಮಡಿಯ ಬಿರುಕಿನೊಳಗೆ ಜಾಲಿಮುಳ್ಳಿನ ತುದಿ ಮುರಿದು ಕೂತಿತ್ತು, ಸುತ್ತ ಕಪ್ಪಾಗಿತ್ತು. ಯಾವಾಗ ಚುಚ್ಚಿದ್ದು ಅಂತ ಅವರಿಗೇ ಗೊತ್ತಿಲ್ಲ.

ಸಕ್ಕರೆ ಕಾಯಿಲೆ ಹಳೇದಾದರೆ ಕಾಲಿನ ನರಗಳು ಮಂದವಾಗ್ತವೆ, ನೋವು ಗೊತ್ತಾಗಲ್ಲ. ಬೆವರೂ ಕಡಿಮೆ ಆಗಿ ಚರ್ಮ ಇನ್ನಷ್ಟು ಒಣಗುತ್ತೆ. ರಕ್ತ ಓಡಾಟ ಕಡಿಮೆ ಇದ್ದರೆ ಗಾಯ ಮಾಯೋದು ತಡ. ಅಂಥವರಿಗೆ ನೋವಿಲ್ಲ ಅನ್ನೋದು ಸಮಾಧಾನದ ಮಾತಲ್ಲ. ಅವರ ಕಾಲನ್ನ ನೀರಲ್ಲಿ ನೆನೆಸಬೇಡಿ, ಸುಟ್ಟರೂ ತಿಳಿಯೋದಿಲ್ಲ. ಕಲ್ಲಿನಲ್ಲಿ ಉಜ್ಜಬೇಡಿ, ಯೂರಿಯಾ ಕ್ರೀಮ್ ಹಚ್ಚೋ ಮುಂಚೆ ಡಾಕ್ಟರನ್ನ ಕೇಳಿ. ದಿನಾ ತೊಳೆದು, ಒರೆಸಿ, ಬೆರಳ ಸಂದಿ ಬಿಟ್ಟು ಜೆಲ್ಲಿ ಹಚ್ಚಿ, ಹಿಮ್ಮಡಿ ನೋಡಿ. ಸಣ್ಣ ಬಿರುಕು, ಗುಳ್ಳೆ, ಬಣ್ಣ ಬದಲಾವಣೆ ಏನು ಕಂಡರೂ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ದೊಡ್ಡಪ್ಪನ ಮುಳ್ಳನ್ನ ಆಸ್ಪತ್ರೆಯಲ್ಲಿ ತೆಗೆದರು, ಗಾಯ ಮಾಯೋಕೆ ಆರು ವಾರ ಬೇಕಾಯ್ತು. ಕಾಲು ಉಳೀತು.

ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ

- ಕೆಂಪು ಹರಡಿದೆ, ಬಾವು, ಕೀವು, ಜ್ವರ: ಅವತ್ತೇ ಡಾಕ್ಟರ್.
- ರಕ್ತ ಬರೋ ಬಿರುಕು: ತೊಳೀರಿ, ಜೆಲ್ಲಿ ತುಂಬಿ, ಅಡ್ಡಕ್ಕೆ ಟೇಪ್. ಟಿಟಿ ನೆನಪಿರಲಿ.
- ಒಣ ಬಿರುಕು: ಉಗುರುಬೆಚ್ಚಗಿನ ನೀರು 10 ನಿಮಿಷ, ಹಸಿ ಇರೋವಾಗಲೇ ಯೂರಿಯಾ ಕ್ರೀಮ್, ಮೇಲೆ ಜೆಲ್ಲಿ, ಹತ್ತಿ ಕಾಲುಚೀಲ.
- ಕಲ್ಲು ವಾರಕ್ಕೆ ಎರಡೇ ಸಲ. ಬ್ಲೇಡ್ ಯಾವತ್ತೂ ಬೇಡ.
- ಹಗಲು ಹಿಂದೆ ಮುಚ್ಚಿದ ಬೂಟು, ಇಲ್ಲವೇ ಹಿಂದೆ ಪಟ್ಟಿ ಇರೋ ಚಪ್ಪಲಿ.
- ಭಾನುವಾರಕ್ಕೊಂದು ಫೋಟೋ. ಎರಡು ವಾರದಲ್ಲಿ ಬದಲಾವಣೆ ಇಲ್ಲ ಅಂದ್ರೆ ಡಾಕ್ಟರ್.
- ಶುಗರ್ ಇದ್ದವರಿಗೆ ನೆನೆಸೋದು, ಉಜ್ಜೋದು ಬೇಡ. ದಿನಾ ಕಾಲು ನೋಡೋದು.

ಇವತ್ತು ಸಂಜೆ ಕಾಲು ತೊಳೆದ ಮೇಲೆ ಮೊದಲ ಫೋಟೋ ತೆಗೀರಿ. ಹಾಗೇ ಅಪ್ಪ ಅವ್ವನ ಹಿಮ್ಮಡಿಯದ್ದೂ ಒಂದು.